ಶಿವಗಂಗಾ ಅಂಗಡಿಯ ಬೋರ್ಡು

ಹತ್ತರಗಿಯ ಲಗಮಣ್ಣ ಅಂಗಡಿ ಬೋರ್ಡು ಬರೆಯುವ ಕೆಲಸ ಕಲಿತದ್ದು ಕೊಲ್ಹಾಪುರದಲ್ಲಿ, ಸಿನೆಮಾ ಬ್ಯಾನರುಗಳಿಗೆ ಬಣ್ಣ ಅರೆಯುತ್ತ. ಊರಿಗೆ ಮರಳಿದ ಮೇಲೆ ಹುಕ್ಕೇರಿಯಿಂದ ಮೂಡಲಗಿಯವರೆಗೆ ಹಿಟ್ಟಿನ ಗಿರಣಿ, ಸೈಕಲ್ ಅಂಗಡಿ, ಬೆಲ್ಲದ ಅಡತಿ, ಎಲ್ಲಕ್ಕೂ ಅವನ ಕೈಯ ಅಕ್ಷರವೇ. ಹೆಸರು ಬರೆದ ಅಂಗಡಿಗಳ ಒಳಗೆ ಅವನು ಕಾಲಿಟ್ಟದ್ದು ಕಡಿಮೆ. ಅವನ ಜಾತಿಯವರನ್ನು ಒಳಗೆ ಕರೆಯುವ ಕಾಲ ಅದಲ್ಲ. ಕೆಲಸ ಮುಗಿದ ಮೇಲೆ ಎದುರಿನ ರಸ್ತೆಯ ಅಂಚಿಗೆ ನಿಂತು ನೋಡುತ್ತಿದ್ದ. ಚಕ್ಕಡಿಯಲ್ಲಿ ಹೋಗುವವನು ಎತ್ತು ಹತ್ತು ಹೆಜ್ಜೆ ಇಡುವುದರೊಳಗೆ ಹೆಸರು ಓದಬೇಕು, ಇಲ್ಲವಾದರೆ ಬೋರ್ಡು ಯಾಕೆ ಎನ್ನುತ್ತಿದ್ದ.

ರಾಜ್ಯ ಒಂದಾದ ಮರುವರ್ಷ ಎಲ್ಲರಿಗೂ ಕನ್ನಡ ಬೋರ್ಡು ಬೇಕಾಯಿತು. ಕೈತುಂಬ ಕೆಲಸ. ಆ ವರ್ಷವೇ ಮೂಡಲಗಿಯ ಅಡತಿಯೊಂದರ ಬೋರ್ಡು ಮೇಲೇರಿದಾಗ ಕೆಳಗೆ ನಿಂತ ಜನ ನಕ್ಕರು. ಹೆಸರೆಲ್ಲ ಎಡಕ್ಕೆ ಸರಿದು, ಬಲಗಡೆ ಎರಡು ಮೊಳ ಬರಿದಾಗಿ ಉಳಿದಿತ್ತು. ಲಗಮಣ್ಣ ಎದುರಿನಿಂದ ನೋಡಿದ. ಅವನಿಗೆ ಒಂದೊಂದೇ ಅಕ್ಷರ ಕಾಣುತ್ತಿತ್ತು, ಬೋರ್ಡು ಕಾಣುತ್ತಿರಲಿಲ್ಲ. ಕೊಳವೆಯೊಳಗಿಂದ ನೋಡಿದ ಹಾಗೆ ಸುತ್ತಲಿನ ಅಂಚೆಲ್ಲ ಕತ್ತಲೆ. ಮಿರಜಿನ ಡಾಕ್ಟರು ಕಣ್ಣಿನ ನರ ಒಣಗಿದೆ, ಹೋದದ್ದು ಬರುವುದಿಲ್ಲ ಎಂದರು. ಹನಿ ಔಷಧ ಕೊಟ್ಟರು. ಮುಂದಿನ ಬೇಸಿಗೆಯ ಹೊತ್ತಿಗೆ ಆ ಒಂದು ಅಕ್ಷರವೂ ಮಸುಕಾಯಿತು.

ಗೋಕಾಕದ ಗುರುಲಿಂಗಪ್ಪ ಸಾಹುಕಾರರು ಹೇಳಿಕಳಿಸಿದ್ದು ಆಗ. ಅವರ ತಾಯಿ ಶಿವಗಂಗವ್ವ ವಿಧವೆಯಾದ ಮೇಲೆ ಬಟ್ಟೆಯ ಗಂಟು ತಲೆಯ ಮೇಲೆ ಹೊತ್ತು ಹಳ್ಳಿ ಹಳ್ಳಿ ತಿರುಗಿ, ದೂರದ ದಡ್ಡಿ ಊರಿನವರೆಗೂ ಹೋಗಿ ಮಾರಿ ಮಗನನ್ನು ಬೆಳೆಸಿದವಳು. ಈಗ ಪೇಟೆಯಲ್ಲಿ ಸ್ವಂತ ಅಂಗಡಿ, ಅದಕ್ಕೆ ಅವಳದೇ ಹೆಸರು. ಬೋರ್ಡು ಲಗಮಣ್ಣನೇ ಬರೆಯಬೇಕೆಂದು ಎರಡು ವರ್ಷದ ಹಿಂದೆಯೇ ಮಾತಾಗಿತ್ತು.

ಲಗಮಣ್ಣ ಹೆಂಡತಿ ಕಾಡವ್ವನ ಹೆಗಲು ಹಿಡಿದು ಬಸ್ಸಿನಿಂದ ಇಳಿದ.

"ನನ್ನ ಕೈಲೆ ಆಗೂದಿಲ್ರಿ ಸಾವ್ಕಾರ್ರ. ಕಣ್ಣು ಹೋದುವು," ಎಂದ.

ಗುರುಲಿಂಗಪ್ಪ, "ಬಾಯಿ ಐತೆಲ್ಲ? ನೀ ಹೇಳು, ಅಲ್ಲಪ್ಪ ಬರೀತಾನ," ಎಂದರು.

ಅಲ್ಲಪ್ಪ ತಗಡಿನ ಟ್ರಂಕುಗಳ ಮೇಲೆ ಹೂಬಳ್ಳಿ ಬಿಡಿಸುವವನು. ಕೈ ಚೆನ್ನಾಗಿತ್ತು, ದೊಡ್ಡ ಅಕ್ಷರದ ಅಭ್ಯಾಸವಿರಲಿಲ್ಲ. ಎರಡು ದಿನ ಅವನ ಕೈ, ಲಗಮಣ್ಣನ ಮಾತು, ನಡುವೆ ಕಾಡವ್ವನ ಕಣ್ಣು. ಕಾಡವ್ವನಿಗೆ ಓದು ಬಾರದು.

"ಅಂಗಡಿ ಮುಂದಿನ ಮಾರಿ ಹೆಂಗೈತಿ ಹೇಳು," ಎಂದ ಲಗಮಣ್ಣ.

"ಹಲಗಿ ಬಾಗಲಾ ಅದಾವು. ಮ್ಯಾಲ ಉದ್ದಕ ಗ್ವಾಡಿ. ಅದರ ಮ್ಯಾಲ ಹಂಚು."

ಗೋಡೆ ಅಳೆಸಿದ. ಹದಿಮೂರು ಫೂಟು. ಹನ್ನೆರಡು ಫೂಟಿನ ಹಲಗೆ ನಡುವೆ ಕೂರುತ್ತದೆ. ನೆಲದ ಮೇಲೆ ಹಲಗೆ ಮಲಗಿಸಿ, ಕಡುನೀಲಿ ಬಣ್ಣ ಒಣಗಿದ ಮೇಲೆ ಸುಣ್ಣದ ದಾರ ಬಡಿಸಿ ನಟ್ಟನಡುವೆ ಗೆರೆ ಹಾಕಿಸಿದ. ಅಲ್ಲಪ್ಪ ಬೆರಳು ಮಡಚಿ ಎಣಿಸಿದ.

"ಶಿ, ವ, ಗಂ, ಗಾ. ನಾಕು ಅಕ್ಷರ ಕಾಕಾ. ಆ ಕಡಿ ಎರಡು, ಈ ಕಡಿ ಎರಡು."

"ಅಕ್ಷರ ಎಣಿಸಬ್ಯಾಡೊ, ಅಗಲ ಎಣಿಸು. ಶಿ ಒಂದು, ವ ಒಂದು. ಗ ಒಂದು, ಅದರ ಬಾಜೂ ಸೊನ್ನಿ ಅರ್ಧ. ಕಡೀ ಗಾ ಒಂದೂವರಿ. ಎಲ್ಲಾ ಕೂಡಿ ಐದು. ನಡು ಎಲ್ಲಿ ಬಂತು?"

ಅಲ್ಲಪ್ಪ ಲೆಕ್ಕ ಹಾಕಿ, "ಮೊದಲನೇ ಗ-ದ ಹೊಟ್ಟ್ಯಾಗ," ಎಂದ.

"ಹಂಗಾರ ಗೆರಿ ಮ್ಯಾಲ ಆ ಗ ಕೂಡ್ಸು. ಅಲ್ಲಿಂದ ಎರಡೂ ಕಡಿ ಹೋಗು. ಶಿ-ದ ತಲಿ ಮ್ಯಾಲಿನ ಗುಡಿಸಿಗೆ ನಾಕು ಬೆರಳು ಜಾಗಾ ಬಿಡು."

ಗುರುಲಿಂಗಪ್ಪನವರಿಗೆ ಒಂದು ತುದಿಗೆ ಸೀರೆ ಉಟ್ಟ ಹೆಂಗಸಿನ ಚಿತ್ರ ಬೇಕಾಗಿತ್ತು. ಲಗಮಣ್ಣ ಒಪ್ಪಲಿಲ್ಲ. "ಒಂದ ಕಡಿ ಚಿತ್ರ ಬಂದ್ರ ಹೆಸರು ಇನ್ನೊಂದ ಕಡಿ ಸರೀತೈತ್ರಿ. ಬರದ್ರ ಎರಡೂ ತುದಿಗೆ, ಇಲ್ಲಂದ್ರ ಬ್ಯಾಡ್ರಿ." ಸಾಹುಕಾರರು ಚಿತ್ರ ಬಿಟ್ಟರು.

ಹಳದಿ ಅಕ್ಷರ ಮುಗಿದಾಗ ಕಾಡವ್ವ ದಾರ ಹಿಡಿದು ಎರಡೂ ತುದಿಯ ಖಾಲಿ ಜಾಗ ಅಳೆದಳು. ಎರಡೂ ಕಡೆ ಎರಡೂಕಾಲು ಫೂಟು. ಒಂದು ಬೆರಳಿನ ವ್ಯತ್ಯಾಸವಿಲ್ಲ. "ಮೊದಲನೇದರ ತಲಿ ಮ್ಯಾಲ ಸುರುಳಿ ಐತಿ. ಕಡೀದು ಕೈ ಚಾಚಿಕೊಂಡ ಕುಂತೈತಿ," ಎಂದಳು. ಲಗಮಣ್ಣ ನಕ್ಕ. ಕಣ್ಣು ಹೋದಾಗಿನಿಂದ ಅವನು ಹಾಗೆ ನಕ್ಕದ್ದನ್ನು ಅವಳು ಕೇಳಿರಲಿಲ್ಲ.

ಸೋಮವಾರ ಬೆಳಿಗ್ಗೆ ಬೋರ್ಡು ಮೇಲೇರಿತು. ಜನ ಚೆಂದ ಎಂದರು. ಆಮೇಲೆ ಬಸ್ ಸ್ಟ್ಯಾಂಡಿನ ಕಡೆಯಿಂದ ಬಂದ ಗಿರಾಕಿಯೊಬ್ಬ ಕೇಳಿದ.

"ಶಿವಗಂ ಅಂದ್ರ ಏನ್ರಿ?"

ಗುರುಲಿಂಗಪ್ಪ ಆ ಕಡೆಗೆ ಹೋಗಿ ನೋಡಿದರು. ಬಲಗಡೆಯ ಕಿರಾಣಿ ಅಂಗಡಿಯ ತಗಡಿನ ಚಪ್ಪರ ರಸ್ತೆಗೆ ಚಾಚಿಕೊಂಡಿತ್ತು. ಬಸ್ಸಿಳಿದು ಬರುವವರಿಗೆ ಅದರ ಹಿಂದೆ ಕಡೆಯ ಅಕ್ಷರ ಮುಚ್ಚಿಹೋಗುತ್ತಿತ್ತು. ಪೇಟೆಗೆ ಬರುವ ಮುಕ್ಕಾಲು ಜನ ಬರುವುದು ಆ ಕಡೆಯಿಂದಲೇ.

ಲಗಮಣ್ಣ ಕಾಡವ್ವನ ಕಡೆಗೆ ತಿರುಗಿದ. "ಬಾಜೂ ಅಂಗಡಿದು ಯಾಕ ಹೇಳಲಿಲ್ಲ ನೀ?"

"ನೀವು ಕೇಳಲಿಲ್ಲಲ್ರಿ. ನಮ್ಮ ಅಂಗಡಿದಷ್ಟ ಕೇಳಿದ್ರಿ."

ಅದು ಖರೆಯಾಗಿತ್ತು. ಕಣ್ಣಿದ್ದಾಗ ಚಪ್ಪರ ಐತೇನು ಎಂದು ಅವನು ಯಾರನ್ನೂ ಕೇಳುವ ಅಗತ್ಯವಿರಲಿಲ್ಲ. ಎದುರಿಗೆ ನಿಂತರೆ ತಾನಾಗಿಯೇ ಕಣ್ಣಿಗೆ ಬೀಳುತ್ತಿತ್ತು. ಗೊತ್ತಿಲ್ಲದ್ದನ್ನು ಕೇಳುವುದು ಹೇಗೆಂದು ಅವನಿಗೆ ತಿಳಿಯಲಿಲ್ಲ.

"ಒಂದು ಮೊಳ ಮುಂದ ತಂದು ಕಟ್ಟೋಣ್ರಿ," ಎಂದ.

"ರಸ್ತಾದ ಮ್ಯಾಲ ಬಂದ್ರ ಮುನಸಿಪಾಲ್ಟಿಯವರು ಬಿಡೂದಿಲ್ಲೊ."

"ಮ್ಯಾಲ ಏರಿಸೋಣ್ರಿ."

"ಮ್ಯಾಲ ಹಂಚು ಐತಿ."

ಕಟ್ಟೆಯ ಮೇಲೆ ಕುಳಿತಿದ್ದ ಶಿವಗಂಗವ್ವ, "ಇರಲಿ ಬಿಡೊ ಗುರಲಿಂಗಾ. ಅರ್ಧಾ ಹೆಸರಿಗೆ ಯಾರೂ ಸಾಯೂದಿಲ್ಲ," ಎಂದಳು. ಮಗ ಕೇಳಲಿಲ್ಲ. ಬೋರ್ಡು ಇಳಿಸಿ, ಹೆಸರನ್ನು ಸಣ್ಣದಾಗಿಸಿ ಎಡಕ್ಕೆ ಬರೆ, ಬಲತುದಿಗೆ ಆ ಹೆಂಗಸಿನ ಚಿತ್ರ ಹಾಕು, ಚಪ್ಪರದ ಹಿಂದೆ ಹೋದರೆ ಚಿತ್ರ ಹೋಗಲಿ ಎಂದು ಅಲ್ಲಪ್ಪನಿಗೆ ಹೇಳಿದರು. ತಪ್ಪೆನ್ನುವ ಮಾತಲ್ಲ. ತನಗೆ ಕಣ್ಣಿದ್ದರೆ ತಾನೂ ಇದನ್ನೇ ಮಾಡುತ್ತಿದ್ದೆನೋ ಏನೋ ಎಂದು ಲಗಮಣ್ಣನಿಗೆ ಅನ್ನಿಸಿತು.

ಅವನು ಎದುರಿನ ರಸ್ತೆಯ ಅಂಚಿಗೆ ಕುಳಿತು, ಹಲಗೆಯ ಮೇಲೆ ಮರಳುಕಾಗದ ಉಜ್ಜುವ ಸದ್ದು ಕೇಳಿದ. ಅಲ್ಲಪ್ಪ ಏನನ್ನೂ ಕೇಳಲು ಬರಲಿಲ್ಲ. ಮರುದಿನ ಇಳಿಹೊತ್ತಿಗೆ ಬೋರ್ಡು ಮತ್ತೆ ಏರಿತು.

"ಹೆಂಗೈತಿ?"

"ಚೆಂದ ಐತ್ರಿ," ಎಂದಳು ಕಾಡವ್ವ.

"ಎಡಕ್ಕ ಎಷ್ಟು ಬಿಟ್ಟಾನು? ಬಲಕ್ಕ ಎಷ್ಟು?"

"ಎರಡೂ ಕಡಿ ಅಷ್ಟ ಐತ್ರಿ."

ಅಳೆದು ನೋಡಲು ಅವಳು ಕುಳಿತಲ್ಲಿಂದ ಎದ್ದಿರಲಿಲ್ಲ. ಅವಳ ತೋಳು ಅವನ ತೋಳಿಗೆ ತಾಗಿಕೊಂಡೇ ಇತ್ತು. ಲಗಮಣ್ಣ ಮತ್ತೆ ಕೇಳಲಿಲ್ಲ.

ಆಮೇಲೆ ಅವನು ಹತ್ತರಗಿಯಲ್ಲಿ ಪುಂಡಿನಾರಿನ ಹಗ್ಗ ಹೊಸೆಯತೊಡಗಿದ. ಕೈಗೆ ಕಣ್ಣು ಬೇಡದ ಕೆಲಸ. ಅರವತ್ತೊಂದರ ದೀಪಾವಳಿಗೆ ಮುಂಚೆ ಹುಕ್ಕೇರಿಯ ಪರಪ್ಪ ಎಂಬ ಔಷಧದಂಗಡಿಯವನು ಹುಡುಕಿಕೊಂಡು ಬಂದು ಬಾಗಿಲಲ್ಲಿ ನಿಂತ.

"ಲಗಮಣ್ಣ ಪೇಂಟರ್ ಮನಿ ಇದ ಏನ್ರಿ? ಒಂದು ಬೋರ್ಡು ಬರಸೂದಿತ್ತು."

ಲಗಮಣ್ಣ ಹಗ್ಗ ಬಿಟ್ಟು ಮುಖ ಎತ್ತಿದ. "ಎಷ್ಟು ಫೂಟ…" ಎಂದು ಬಾಯಿ ತೆರೆಯುವಷ್ಟರಲ್ಲಿ ಕಾಡವ್ವ ಒಳಗಿನಿಂದ ಬಂದಳು.

"ಈಗ ಅವರು ಬರಿಯೂದಿಲ್ರಿ. ಗೋಕಾಕದಾಗ ಅಲ್ಲಪ್ಪ ಅಂತ ಅದಾನು, ಅಲ್ಲಿ ಹೋಗ್ರಿ."

ಬಂದವನು ಚಪ್ಪಲಿ ಎಳೆಯುತ್ತ ಹೋದ. ಅವನ ಅಂಗಡಿಯ ಹೆಸರೇನು ಎಂದು ಕೇಳುವುದೂ ಆಗಲಿಲ್ಲವಲ್ಲ ಎಂದು ಲಗಮಣ್ಣ ಬಹಳ ಹೊತ್ತು ಬಾಗಿಲ ಕಡೆಗೇ ಮುಖ ಮಾಡಿ ಕುಳಿತಿದ್ದ.