ಫೇಗಾಳ ಆರದ ಓವನ್

ಬ್ರೂಕ್ಲಿನ್ನಿನ ಆ ಬೀದಿಯಲ್ಲಿ ಫೇಗಾಳ ನಾಲಿಗೆಗೆ ಹೆದರದವರಿರಲಿಲ್ಲ, ಅವಳ ಚೀಸ್‌ಕೇಕಿಗೆ ಬಾಯಲ್ಲಿ ನೀರೂರದವರೂ ಇರಲಿಲ್ಲ. ಹಾಲಿನ ತಿನಿಸು ಮಾಡುವ ಯಹೂದಿಗಳ ಶವುವೋತ್ ಹಬ್ಬ ಬಂತೆಂದರೆ ಅಕ್ಕಪಕ್ಕದ ಹೆಂಗಸರು ಬೈಸಿಕೊಂಡಾದರೂ ಕಲಿಯಲು ಬರುತ್ತಿದ್ದರು. ಮೊಟ್ಟೆ ಹಾಕಿದ ಮೇಲೆ ಮಿಕ್ಸರ್ ನಿಧಾನವಾಗಿಯೇ ತಿರುಗಬೇಕು. ಜೋರಾದರೆ ಗಾಳಿ ಸೇರಿ ಕೇಕು ಉಬ್ಬುತ್ತದೆ, ಆಮೇಲೆ ಕುಸಿದು ಬಿರಿಯುತ್ತದೆ. ಬೆಂದ ಮೇಲೆ ಓವನ್ ಆರಿಸಿ, ಬಾಗಿಲು ಓರೆ ಮಾಡಿ, ಒಳಗೇ ತಣಿಯಲು ಬಿಡಬೇಕು. ಇಷ್ಟೂ ತಿಳಿಯದವರು ಮದುವೆ ಯಾಕಾದರೂ ಆಗುತ್ತಾರೋ ಎಂದು ಅವಳು ಗೊಣಗುತ್ತಿದ್ದಳು.

ಈಚೆಗೆ ಅವಳಿಗೆ ಮರೆವು ಹತ್ತಿತ್ತು. ಡಾಕ್ಟರಿಗೆ ತೋರಿಸೋಣ ಎಂದು ಮಗಳು ಶೇನಾ ಅಂದಾಗಲೆಲ್ಲ ಹರಿಹಾಯುತ್ತಿದ್ದಳು. ಕೇಕು ಕೆಡದಿರುವವರೆಗೆ ತನ್ನ ತಲೆ ನೆಟ್ಟಗಿದೆ ಎಂದು ಅವಳು ನಂಬಿದ್ದಳು. ಆ ನಂಬಿಕೆಯೊಂದನ್ನೇ ಹಿಡಿದು ಬದುಕಿದ್ದಳು.

ಹಬ್ಬ ಶುರುವಾಗುವ ದಿನ ಇಳಿಹೊತ್ತಿನಲ್ಲಿ ಮೊಟ್ಟೆ ಹಾಕಿದೆನೋ ಇಲ್ಲವೋ ಎಂದು ತಿಳಿಯದೆ ಅವಳು ಬಟ್ಟಲಿನ ಮುಂದೆ ನಿಂತುಬಿಟ್ಟಳು. ಕಸದಬುಟ್ಟಿಯಲ್ಲಿ ಚಿಪ್ಪುಗಳನ್ನು ಹುಡುಕಿ, ಹಾಕಿದ್ದು ಖಾತ್ರಿ ಮಾಡಿಕೊಂಡು ಬರುವವರೆಗೂ ಮಿಕ್ಸರ್ ಜೋರಾಗಿ ಓಡುತ್ತಲೇ ಇತ್ತು. ಹಿಟ್ಟಿನ ತುಂಬ ಗುಳ್ಳೆ. ಸಂಜೆ ಹಬ್ಬ ಶುರುವಾಗುವುದರೊಳಗೆ ಹೊಸದಾಗಿ ಕಲಸಲು ಹೊತ್ತಿರಲಿಲ್ಲ. ಅದನ್ನೇ ಪಾತ್ರೆಗೆ ಸುರಿದು ಓವನ್ನಿಗಿಟ್ಟಳು.

ಸಂಜೆ ತಾಯಿ ಮಗಳು ದೀಪ ಹಚ್ಚಿ ಪ್ರಾರ್ಥಿಸಿದರು. ಹೀಗೆ ಹಬ್ಬ ಶುರುವಾದ ಮೇಲೆ ಉರಿಯುವ ಬೆಂಕಿಯನ್ನು ಆರಿಸುವಂತಿಲ್ಲ, ಅದು ಅವರ ಧರ್ಮದ ಕಟ್ಟಳೆ. ಕಣ್ಣು ತೆರೆದ ಶೇನಾಳ ಮೂಗಿಗೆ ಸುಟ್ಟ ವಾಸನೆ ಬಡಿಯಿತು.

"ಅಮ್ಮಾ, ಓವನ್ ಆರಿಸಿದ್ಯಾ?"

"ಆರಿಸ್ದೆ ಕಣೇ. ನಾನೇನು ನಿನ್ನೆ ಮೊನ್ನೆ ಹುಟ್ದೋಳಾ?"

ಅಡುಗೆಮನೆಯಲ್ಲಿ ಗ್ಯಾಸ್ ಓವನ್ನಿನ ನೀಲಿ ಉರಿ ಇನ್ನೂ ಉರಿಯುತ್ತಿತ್ತು. ಕೇಕು ಪೂರಿಯಂತೆ ಉಬ್ಬಿ ಪಾತ್ರೆಯ ಅಂಚು ದಾಟಿ ನಿಂತಿತ್ತು. ಒಳಗೇ ಬಿಟ್ಟರೆ ಕರಕಲು, ಈಚೆ ತೆಗೆದರೆ ತಣ್ಣನೆ ಗಾಳಿಗೆ ಬಿರಿಯುತ್ತದೆ. ಬೇರೆ ದಾರಿಯಿರಲಿಲ್ಲ. ಶೇನಾ ತೆಗೆದು ಮೇಜಿನ ಮೇಲಿಟ್ಟಳು. ಇಬ್ಬರೂ ನೋಡುತ್ತಿದ್ದಂತೆ ಕೇಕಿನ ನಡು ಕುಸಿಯಿತು, ಈ ಅಂಚಿನಿಂದ ಆ ಅಂಚಿಗೆ ಬಾಯಿಬಿಟ್ಟಿತು. ಆಮೇಲೆ ಅತಿಯಾಗಿ ಬೆಂದು ಬಿಗಿದ ಚೀಸಿನಿಂದ ನೀರು ಒಸರಿ ಬಿರುಕಿನಲ್ಲಿ ನಿಂತಿತು.

ಫೇಗಾ ಬೈಯಲಿಲ್ಲ. ಅದನ್ನು ಕಂಡೇ ಮಗಳಿಗೆ ಭಯವಾಯಿತು. ಸ್ಟ್ರಾಬೆರಿ ಹರಡಿದರೆ ಬಿರುಕು ಮುಚ್ಚಿಹೋಗುತ್ತದೆ, ಯಾರಿಗೂ ತಿಳಿಯುವುದಿಲ್ಲ ಎಂದಳು ಶೇನಾ.

"ನಂಗೆ ತಿಳೀತಲ್ಲ," ಎಂದಳು ಫೇಗಾ. ಆರಿಸಿದ್ದು ತನ್ನ ಕಣ್ಣಿಗೆ ಕಟ್ಟಿದ ಹಾಗಿದೆ, ಗುಂಡಿ ತಿರುಗಿಸಿದ್ದು ಕೈಗೂ ನೆನಪಿದೆ ಎಂದಳು. ಅದು ಹೋದ ವರ್ಷದ್ದೋ ಅದರ ಹಿಂದಿನದ್ದೋ ಎಂದು ಮಾತ್ರ ಅವಳಿಗೆ ಗೊತ್ತಾಗಲಿಲ್ಲ. ಕುರ್ಚಿಯಲ್ಲಿ ಕುಸಿದು ಕೂತಳು.

"ಹಬ್ಬ ಮುಗೀಲಿ, ಡಾಕ್ಟರ ಹತ್ರ ಕರ್ಕೊಂಡ್ ಹೋಗು. ನಾನು ಬರಲ್ಲ ಅಂತೀನಿ, ಈ ಮಾತು ಆಡ್ಲೇ ಇಲ್ಲ ಅಂತ್ಲೂ ಅಂತೀನಿ. ಆಗ ನನ್ನ ಮಾತು ಕೇಳ್ಬೇಡ."