ತೊಲೆ ನೋಡಿ ಅಂದ ಮಾತು

ಬೈಗುಳ ನನಗೆ ಹೊಸದಲ್ಲ. ನಾಲ್ಕನೆಯ ಇಯತ್ತೆಗೇ ಶಾಲೆ ಬಿಟ್ಟು ಗೌಂಡಿಗಳ ಕೈಕೆಳಗೆ ಕಲ್ಲು ಹೊತ್ತವನು ನಾನು. ಗೋಡೆ ಒಂದು ಬೆರಳು ವಾಲಿದರೆ ಹಿರಿಯ ಗೌಂಡಿ ನನ್ನ ಏಳು ತಲೆಮಾರು ಎತ್ತಿ ಬೈಯುತ್ತಿದ್ದ. ಸಂಜೆಗೆ ಅವನೇ ತಂಬಾಕು ತಿಕ್ಕಿ ಅರ್ಧ ನನ್ನ ಅಂಗೈಗೆ ಹಾಕುತ್ತಿದ್ದ. ಮೈತೊಳೆದಾಗ ಸಿಮೆಂಟಿನ ಜೊತೆ ಬೈಗುಳವೂ ಹೋಗುತ್ತಿತ್ತು. ಆದರೆ ಉಮರ್ಗಾದಲ್ಲಿ ನನ್ನ ಸ್ವಂತ ಮನೆಯಲ್ಲಿ, ನಾನು ಬಡಿಸಿದ ಹೋಳಿಗೆ ತಿನ್ನುತ್ತ ಒಬ್ಬ ಹಿರಿಯ ಅಂದ ಒಂದು ಗಾದೆ ಇನ್ನೂ ಹೋಗಿಲ್ಲ. ನೆನೆದರೆ ಬಾಯಲ್ಲಿ ಹುಳಿನೀರು ಬರುತ್ತದೆ.

ಆ ಗಾದೆಯನ್ನು ಇಲ್ಲಿ ಬರೆಯುವುದಿಲ್ಲ. ಅವನ ಎಂಜಲನ್ನು ನನ್ನ ಕೈಯಿಂದ ಯಾಕೆ ಹಂಚಲಿ? ಬೆಂಕಿ ಬಿದ್ದ ಮನೆಯಿಂದ ತನಗೆ ಬೇಕಾದ್ದನ್ನು ಎಳೆದುಕೊಳ್ಳುವವನ ಕುರಿತದ್ದು ಅಂದರೆ ಸಾಕು.

ಅದು ನಮ್ಮ ಕಡೆ ಭೂಕಂಪ ಆಗಿ ಕೆಲವು ವರ್ಷ ಕಳೆದ ಮೇಲಿನ ಮಾತು. ಬಿದ್ದ ಊರುಗಳನ್ನು ಬೇರೆ ಜಾಗದಲ್ಲಿ ಕಟ್ಟುತ್ತಿದ್ದರು. ಆ ಕೆಲಸದಲ್ಲಿ ನಾನು ಕೂಲಿಯವನಾಗಿ ಸೇರಿ, ಗೌಂಡಿಯಾಗಿ, ಕೊನೆಗೆ ಸಣ್ಣ ಗುತ್ತೇದಾರನಾದೆ. ಕೈ ಬಿರುಕು ಬಿಟ್ಟು ರಕ್ತ ಬರುವ ತನಕ ದುಡಿದೆ. ಒಬ್ಬ ಮುದುಕ ತನ್ನ ಬಿದ್ದ ಮನೆಯ ಸಾಗವಾನಿ ತೊಲೆಗಳನ್ನು ಮಾರಿದ. ಅವನೇ ಕರೆದು, ಅವನೇ ಬೆಲೆ ಹೇಳಿ ಕೊಟ್ಟ. ತಂದು ನನ್ನ ಹೊಸ ಮನೆಯ ತಗಡಿನ ಕೆಳಗೆ ಕೂಡಿಸಿದೆ. ಬಂದವರೆಲ್ಲ ತಲೆಯೆತ್ತಿ ನೋಡುತ್ತಿದ್ದರು. ನನಗೂ ಹೆಮ್ಮೆ ಇತ್ತು, ಸುಳ್ಳು ಯಾಕೆ ಹೇಳಲಿ.

ತಂಗಿಗೆ ನಿಲಂಗಾದ ಒಂದು ಸಂಬಂಧ ಕೂಡಿಬಂದಿತ್ತು. ಹುಡುಗ ಬಟ್ಟೆ ಅಂಗಡಿಯಲ್ಲಿದ್ದ, ಒಳ್ಳೆಯವನು. ತಂದೆ ಇರಲಿಲ್ಲ. ತಾಯಿ ಅವನನ್ನು ಉದಗೀರದ ತನ್ನ ಅಣ್ಣನ ಮನೆಯಲ್ಲಿ ಬೆಳೆಸಿದ್ದಳು. ಆ ಅಣ್ಣ ಕಾಳಿನ ವ್ಯಾಪಾರಿ. ಹಣೆತುಂಬ ವಿಭೂತಿ, ನಾಲಿಗೆ ತುಂಬ ಗಾದೆ. ಹುಡುಗ ಬಂದು ನೋಡಿ ಹೋದ ದಿನದಿಂದ ತಂಗಿ ಸುಮ್ಮಸುಮ್ಮನೆ ನಗುತ್ತಿದ್ದಳು. ಅಡಿಕೆ ಒಡೆದು ಮದುವೆಯ ಮಾತು ಮುಗಿಸಲು ಅವರೆಲ್ಲ ನಮ್ಮಲ್ಲಿಗೆ ಬಂದಿದ್ದರು.

ಊಟದ ನಡುವೆ ಆ ಉದಗೀರದ ಹಿರಿಯ ತಲೆಯೆತ್ತಿ ನೋಡಿದ.

"ಏನ್ ತೊಲಿರೀ ಗುತ್ತೇದಾರ್ರ! ಹಿಂತಾ ಸಾಗವಾನಿ ಈಗ ಎಲ್ಲಿ ಸಿಗತದ?"

"ಹಳೀವ್ರೀ. ಬಿದ್ದ ಮನೀವು," ಅಂದೆ.

"ಹೌದೌದು, ಗೊತ್ತಾತು," ಅಂದ. ನನ್ನನ್ನು ನೋಡಲಿಲ್ಲ. ಪಕ್ಕದಲ್ಲಿದ್ದ ಸೋದರಳಿಯನ ಕಡೆ ತಿರುಗಿ, ಹೋಳಿಗೆಯನ್ನು ತುಪ್ಪಕ್ಕೆ ಒತ್ತುತ್ತ, "ನಮ್ಮಜ್ಜ ಒಂದ್ ಮಾತು ಅಂತಿದ್ದ ನೋಡಪಾ," ಎಂದು ಆ ಗಾದೆ ಅಂದ. ದನಿ ಏರಲಿಲ್ಲ. ಮಗ್ಗಿ ಹೇಳಿಕೊಡುವವನ ಹಾಗೆ ಹೇಳಿ, "ಕಟ್ಟಿನ ಸಾರು ಬರ್ಲಿ ಇತ್ತ," ಅಂದ.

ಈ ಆಟದ ಕಟ್ಟಳೆ ಅವ್ವ ನನಗೆ ಹೇಳಿದ್ದಳು. ಗಾದೆಯನ್ನು ಕಲ್ಲಿನ ಹಾಗೆ ಒಗೆಯುವವನು ನಿನ್ನ ಕಡೆ ನೋಡುವುದಿಲ್ಲ. ಮಾತು ತನ್ನದಲ್ಲ, ಅಜ್ಜನದು ಅನ್ನುತ್ತಾನೆ. ಮೊದಲು ಹೊಗಳಿ, ಆಮೇಲೆ ಒಗೆಯುತ್ತಾನೆ. ನಾಲ್ಕು ಮಂದಿಯ ಮುಂದೆ ಒಗೆಯುತ್ತಾನೆ, ನಿನ್ನ ಬಾಯಲ್ಲಿ ತುತ್ತಿರುವಾಗ. ನೀನು ನಕ್ಕು ಅಗಿಯುತ್ತ ಇದ್ದರೆ ಅದು ನೆಲಕ್ಕೆ ಬೀಳುತ್ತದೆ. ಇಲ್ಲವೇ ಅದಕ್ಕಿಂತ ಚೂಪಾದದ್ದು ಅದೇ ಗಳಿಗೆಯಲ್ಲಿ ನಾಲಿಗೆಗೆ ಬರಬೇಕು. "ಯಾರಿಗಂದಿ" ಎಂದು ಮಾತ್ರ ಕೇಳಬಾರದು.

ಅವ್ವ ಬಾಗಿಲ ಸಂದಿಯಿಂದ ಕಣ್ಣಲ್ಲೇ "ಬ್ಯಾಡ" ಅನ್ನುತ್ತಿದ್ದಳು. ನಾನು ಬಡಿಸುತ್ತಿದ್ದ ಹೋಳಿಗೆಯ ಬುಟ್ಟಿಯನ್ನು ಕೆಳಗಿಟ್ಟೆ.

"ಯಾರಿಗಂದ್ರೀ ಸಾವ್ಕಾರ್ರ?"

ಹಿರಿಯನ ಕೈ ತಟ್ಟೆಯಲ್ಲೇ ನಿಂತಿತು. ಮುಖದ ತುಂಬ ಅಚ್ಚರಿ.

"ಅಯ್ಯ! ನಾ ನಮ್ಮ ಪೋರಗ ಬುದ್ಧಿಮಾತು ಹೇಳ್ಲಿಕತ್ತೀನಿ. ನಿಮಗ್ಯಾಕ ಚುಚ್ಚಬೇಕ್ರೀ?"

ಪಂಕ್ತಿಯಲ್ಲಿ ಒಬ್ಬ ಕಿಸಕ್ಕೆಂದ. ಇನ್ನೊಬ್ಬ ಮರಾಠಿಯಲ್ಲಿ, "ಅಸೂ ದ್ಯಾ, ಅಸೂ ದ್ಯಾ," ಇರಲಿ ಬಿಡಿ ಎಂದು ನನ್ನನ್ನೇ ಸಮಾಧಾನ ಮಾಡಿದ, ತಪ್ಪು ಮಾಡಿದವನನ್ನು ಮಾಡುವ ಹಾಗೆ. ಹಿರಿಯ ನನ್ನನ್ನು ಕಳ್ಳ ಅನ್ನಲಿಲ್ಲ. ಕೇಳಿದ್ದರಿಂದ ನಾನೇ ಆ ಮಾತನ್ನು ಎತ್ತಿ ಮೈಮೇಲೆ ಹಾಕಿಕೊಂಡಿದ್ದೆ. ಸತ್ತವರ ಊರಲ್ಲಿ ಬಾಚಿಕೊಂಡವನು ಎಂದು ಊರಮಂದಿಯ ಮುಂದೆ ನಾನೇ ಒಪ್ಪಿದ ಹಾಗಾಯಿತು. ಅಡಿಕೆ ಒಡೆಯಲಿಲ್ಲ. "ವಿಚಾರ ಮಾಡಿ ತಿಳಸ್ತೀವ್ರೀ," ಎಂದು ಎದ್ದರು. ತಂಗಿ ಅಂದು ಉಣ್ಣಲಿಲ್ಲ.

ವಾರ ಕಳೆದರೂ ಸುದ್ದಿ ಬರಲಿಲ್ಲ. ತೊಲೆ ಮಾರಿದ ಮುದುಕನ ಹೊಸ ಊರಿಗೆ ಹೋದೆ. ನಿಲಂಗಾಕ್ಕೆ ಬಂದು ಹುಡುಗನ ತಾಯಿಯ ಮುಂದೆ ಖರೆ ಹೇಳು ಎಂದು ಕೇಳಿದೆ. ಆ ತೊಲೆಗಳ ಕೆಳಗೇ ಅವನ ಹೆಂಡತಿ, ಸೊಸೆ ಸಿಕ್ಕಿ ಸತ್ತಿದ್ದರು. ಆದರೂ ಎದ್ದು ಚಪ್ಪಲಿ ಮೆಟ್ಟಿದ. ಎಸ್‌ಟಿ ಬಸ್ಸಿನಲ್ಲಿ ಕೇಳಿದ:

"ತಮ್ಮಾ, ಅಂವಾ ನಿನಗ ಕಳ್ಳ ಅಂದಾನೇನು?"

"ಇಲ್ಲ. ಗಾದಿ ಅಂದಾನ."

"ಮತ್ತ ನಾ ಯಾವುದಕ್ಕ ಸಾಕ್ಷಿ ಹೇಳ್ಲಿ? ಮಾರೀನಿ ಅಂತೀನಿ. ಇಲ್ಲಂತ ಅಂದವ್ರ್ಯಾರು ಅಂತಾರ ಅವರು."

ಸಾವು ಕಂಡವನನ್ನು ನನ್ನ ಮಾನ ಉಳಿಸಿಕೊಳ್ಳಲು ಬಸ್ಸು ಹತ್ತಿಸಿದ್ದೆ. ಆ ಹಿರಿಯನ ಮೇಲಿನ ಹೇಸಿಗೆ ಆಗ ನನ್ನ ಮೇಲೂ ಹರಿಯಿತು.

ಹುಡುಗನ ತಾಯಿ ಇಬ್ಬರಿಗೂ ಚಹಾ ಕೊಟ್ಟಳು. ಮುದುಕ ಮಾರಿದ್ದು ಹೇಳಿದ. ಆಕೆ ಸೆರಗಿನಿಂದ ಬಾಯಿ ಒರೆಸಿಕೊಂಡು ಅಂದಳು:

"ನನಗ ಗೊತ್ತದ ತಮ್ಮಾ, ನೀ ಕದ್ದಿಲ್ಲ. ಅಣ್ಣಗೂ ಗೊತ್ತದ. ನೆಟ್ಟಗ ಕಳ್ಳ ಅಂದಿದ್ರ ನಾನೇ ಬಾಯಿ ಮುಚ್ಚಸ್ತಿದ್ದೆ. ಅಜ್ಜನ ಮಾತಿಗಿ ಯಾರ್ ಬಾಯಿ ಮುಚ್ಚಸ್ತಾರ? ಅವನ ಮನ್ಯಾಗ ಇದ್ದಷ್ಟು ದಿನಾ ನನ್ನ ತಾಟಿಗೂ ದಿನಕ್ಕೊಂದು ಬೀಳತಿತ್ತು. ರೊಟ್ಟಿ ಸಂಗಾಟ ಅದನ್ನೂ ನುಂಗೀನಿ."

"ಮತ್ತ ಹುಡುಗಿದು?"

"ಹುಡುಗಿ ನನ್ನ ಸೊಸಿನೇ. ಆದ್ರ ಅಣ್ಣನ ಬಿಟ್ಟು ಅಡಿಕಿ ಒಡಿಲಿಕ್ಕ ಬರಂಗಿಲ್ಲ. ನೀ ಉದಗೀರಕ್ಕ ಹೋಗು. ಅಂದು ನಂದು ತಪ್ಪಾತು ಅನ್ನು. ಏನ್ ತಪ್ಪು ಅಂತ ಅಂವಾ ಕೇಳಂಗಿಲ್ಲ."

ಹೋದೆ. ಹಿರಿಯ ಕಾಳಿನ ಚೀಲಗಳ ನಡುವೆ ಮೆತ್ತೆಯ ಮೇಲೆ ಕೂತಿದ್ದ. "ನಂದು ತಪ್ಪಾತ್ರೀ," ಅಂದೆ. ಏನು ತಪ್ಪು ಎಂದು ಅವನು ಕೇಳಲಿಲ್ಲ. "ಸಂಬಂಧದಾಗ ಹಿಂತಾವೆಲ್ಲ ಮನಸಿಗಿ ಹಚ್ಕೋಬಾರದ್ರೀ," ಎಂದು ಬೆನ್ನು ತಟ್ಟಿದ. ಅಂಗಿ ತೊಳೆಯುವ ತನಕ ಆ ಕೈ ನನ್ನ ಬೆನ್ನ ಮೇಲೇ ಇತ್ತು ಅನ್ನಿಸಿತು.

ಮದುವೆ ಆಯಿತು. ತಂಗಿ ನಿಲಂಗಾದಲ್ಲಿ ಸುಖವಾಗಿದ್ದಾಳೆ. ಮದುವೆಯ ದಿನ ಹಿರಿಯನಿಗೆ ನಾನೇ ಧೋತರ, ಶಲ್ಯ ಹೊದಿಸಿ ಕಾಲಿಗೆರಗಿದೆ. ಅವನು ನನ್ನ ಕಿವಿಯ ಹತ್ತಿರ ಬಾಗಿ, "ಅಡಗಿ ಭಾಳ ಚೊಲೋ ಮಾಡಸೀರಿ," ಅಂದ. ಅಷ್ಟೇ. ಊಟಕ್ಕೆ ಕೂತವನು ನಾನು ಅನ್ನ ಕಲಸುತ್ತಲೇ ಉಳಿದೆ. ಅಡುಗೆ ಚೆನ್ನಾಗಿದೆ ಅಂದವನ ಮಾತಿನಲ್ಲಿ ಮುಳ್ಳು ಎಲ್ಲಿದೆ ಎಂದು ಹುಡುಕುತ್ತಿದ್ದೆ. ಸಿಗಲಿಲ್ಲ. ಇರಲಿಲ್ಲವೋ ಏನೋ.