ಕರವಸ್ತ್ರದ ಅಂಚಿನ ಕಡ್ಡಿ

ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ದೊಡ್ಡ ಯಂತ್ರಗಳ ಪಕ್ಕದ ಕೋಣೆಯಲ್ಲಿ, ಆಕೆಯ ಹೊಲಿಗೆ ಯಂತ್ರ ಇತ್ತು. ಹರಿದ ಚಾದರ, ಬಾಯಿ ಬಿಟ್ಟ ದಿಂಬಿನ ಚೀಲ, ದಾರ ಕಿತ್ತ ಹಸಿರು ಗೌನು, ಎಲ್ಲ ಅಲ್ಲಿಗೇ ಬರುತ್ತಿದ್ದವು. ವಾರ್ಡಿನ ಆಯಾಗಳಿಂದ ಹಿಡಿದು ದೊಡ್ಡ ಡಾಕ್ಟರ ತನಕ ಎಲ್ಲರಿಗೂ ಆಕೆ ಹೊಲಿಗೆಯಕ್ಕ. ಮಾತು ಕಡಿಮೆ. ಕೇಳಿದರೆ ಉತ್ತರ ಕೊಡುತ್ತಿದ್ದಳು, ಕೇಳದಿದ್ದರೆ ಯಂತ್ರವೇ ಮಾತಾಡುತ್ತಿತ್ತು.

ಮೊದಲು ಹಾಗಿರಲಿಲ್ಲ. ಆಗ ಸಂಜೆಯಾದರೆ ಆ ಕೋಣೆಗೆ ಅವಳ ಮಗ ಬರುತ್ತಿದ್ದ. ಶಾಲೆಯ ಚೀಲ ಒಂದು ಮೂಲೆಗೆ ಎಸೆದು, ಇಸ್ತ್ರಿಯಾದ ಚಾದರದ ಗಂಟಿನ ಮೇಲೆ ಏರಿ ಕೂತು ಅಪ್ಪಣೆ ಕೊಡುತ್ತಿದ್ದ. ‘ಅಮ್ಮಾ, ನೀರು. ಅಮ್ಮಾ, ಬಿಸ್ಕತ್ತು.’ ಅದಕ್ಕೇ ಅವನಿಗೆ ದೊರೆ ಅಂತ ಹೆಸರು ಬಿದ್ದಿತ್ತು. ಎಕ್ಸ್‌ರೇ ವಿಭಾಗದ ಮುದುಕನೊಬ್ಬ ಚಹಾದ ಹೊತ್ತಿಗೆ ಅಲ್ಲಿಗೆ ಬಂದು ಕೂರುತ್ತಿದ್ದ. ಚಿತ್ರ ತೆಗೆಸಿಕೊಳ್ಳಲು ಹೆದರಿ ಅಳುವ ಮಕ್ಕಳಿಗೆ ಆತ ಸಣ್ಣಪುಟ್ಟ ಜಾದೂ ಮಾಡಿ ತೋರಿಸುವವನು. ದೊರೆ ಆತನ ಬೆನ್ನು ಬಿಡಲಿಲ್ಲ. ಗೋಗರೆದು, ಮುನಿಸಿಕೊಂಡು, ಬಿಸ್ಕತ್ತಿನ ಲಂಚ ಕೊಟ್ಟು ಒಂದೊಂದೇ ಆಟ ಕಲಿತ. ಕೊನೆಗೆ ಕಲಿತದ್ದು ಬೆಂಕಿಕಡ್ಡಿಯ ಆಟ. ಅದಕ್ಕೆ ಅಪ್ಪನ ಅಲಮಾರಿನಿಂದ ಹಸಿರು ಅಂಚಿನ ಕರವಸ್ತ್ರ ಎಗರಿಸಿದ. ಮನೆಯವರೆಲ್ಲ ಸೇರುವ ದಿನ ಅಜ್ಜನಿಗೆ ತೋರಿಸಬೇಕು ಅಂತ ಅಂಚಿನೊಳಗೆ ತಾನೇ ಕಡ್ಡಿ ಸೇರಿಸಿ, ಮಡಚಿ, ಮನೆಯಲ್ಲಿದ್ದ ಅಮ್ಮನ ಇನ್ನೊಂದು ಹೊಲಿಗೆ ಯಂತ್ರದ ಡ್ರಾಯರಿನಲ್ಲಿ ಇಟ್ಟ. ‘ಇದನ್ನ ಒಗೀಬೇಡ’ ಅಂತ ತಾಕೀತು ಮಾಡಿದ.

ಆ ದಿನ ಬರುವ ಮೊದಲೇ ಜ್ವರ ಬಂತು. ಜ್ವರ ಮಿದುಳಿಗೆ ಏರಿತು. ಅದೇ ಆಸ್ಪತ್ರೆಯ ಎರಡನೇ ಮಹಡಿಯಲ್ಲಿ ಅವನನ್ನು ಮಲಗಿಸಿದರು. ಅವನ ಕೆಳಗಿನ ಚಾದರದ ಮೂಲೆಯಲ್ಲಿ ತೇಪೆ ಇತ್ತು. ತೇಪೆಯ ಹೊಲಿಗೆ ತನ್ನದೇ ಎಂದು ಆಕೆಗೆ ಗುರುತು ಸಿಕ್ಕಿತು. ಮಗನ ಮುಖ ನೋಡಲಾಗದಾಗೆಲ್ಲ ಆ ಹೊಲಿಗೆಯನ್ನೇ ನೋಡುತ್ತ ಕೂತಿದ್ದಳು. ಅವನು ಕಣ್ಣು ಬಿಡಲಿಲ್ಲ.

ಗಂಡ ಶಾಲೆಯೊಂದರ ಬಸ್ ಓಡಿಸುತ್ತಿದ್ದ. ಮಗ ಹೋದ ಮೇಲೂ ಅದನ್ನೇ ಓಡಿಸಿದ. ದಿನಾ ಬೆಳಿಗ್ಗೆ ಬಸ್ಸು ತುಂಬ ಅದೇ ವಯಸ್ಸಿನ ಮಕ್ಕಳು. ಹೇಗೆ ತಾಳಿಕೊಂಡ ಎಂದು ಆಕೆ ಕೇಳಲಿಲ್ಲ, ಆತ ಹೇಳಲಿಲ್ಲ. ಒಬ್ಬರು ದೊರೆಯ ಮಾತೆತ್ತಿದರೆ ಇನ್ನೊಬ್ಬರು ಕುಸಿದು ಬೀಳುತ್ತಾರೆ ಎಂಬ ಹೆದರಿಕೆ ಇಬ್ಬರಿಗೂ. ಬರಬರುತ್ತಾ ಆ ಹೆಸರೇ ಮನೆಯಲ್ಲಿ ಕೇಳಿಸದಾಯಿತು. ಉಪ್ಪು, ಹಾಲು, ನಲ್ಲಿ ಸೋರುವುದು, ಇಷ್ಟೇ ಮಾತು ಉಳಿಯಿತು.

ಹೊಲಿಗೆಯಕ್ಕನ ತಮ್ಮನಿಗೆ ಒಬ್ಬಳೇ ಮಗಳು. ದೊರೆ ಹೋದಾಗ ಇನ್ನೂ ತೊಟ್ಟಿಲಲ್ಲಿದ್ದವಳು, ಈಗ ಒಂಬತ್ತಕ್ಕೆ ಬಿದ್ದಿದ್ದಳು. ಬಾಯಿ ತೆರೆದರೆ ನಿಲ್ಲುತ್ತಿರಲಿಲ್ಲವಾದ್ದರಿಂದ ಎಲ್ಲರೂ ಪಟಾಕಿ ಅನ್ನುತ್ತಿದ್ದರು. ರಜಾದಿನ ಅತ್ತೆಯ ಮನೆಗೆ ಬರುವುದು ಅವಳ ರೂಢಿ. ಹಾಗೆ ಬಂದವಳು ಒಂದು ಸಲ ಪಿನ್ನು ಹುಡುಕಲು ಡ್ರಾಯರ್ ಎಳೆದಳು.

‘ಅತ್ತೆ, ಈ ಕರ್ಚೀಫಿನ ಅಂಚಲ್ಲಿ ಏನೋ ಗಟ್ಟಿ ಇದೆಯಲ್ಲ?’

ಹೊಲಿಗೆಯಕ್ಕನ ಕಾಲು ಪೆಡಲಿನ ಮೇಲೆ ನಿಂತುಹೋಯಿತು. ‘ಅದು ಬೇಡ ಪುಟ್ಟ, ಹಳೇದು, ಇಲ್ಲಿ ಕೊಡು. ಅದೊಂದು ಜಾದೂ. ನಿಂಗೆ ಬೇಕಾದ್ರೆ ಬೇರೆ ಹೊಲಿದುಕೊಡ್ತೀನಿ.’

ಹೇಳಿದ ಮೇಲೆ ಆಕೆಗೇ ಆಶ್ಚರ್ಯವಾಯಿತು. ಆ ಮಾತು ಎಲ್ಲಿಂದ ಬಂತೋ ತಿಳಿಯಲಿಲ್ಲ. ಪಟಾಕಿಯಂತೂ ಅಂಟಿಕೊಂಡೇ ಬಿಟ್ಟಳು.

ಅಜ್ಜ ಅಜ್ಜಿಯ ಮದುವೆಗೆ ಐವತ್ತು ತುಂಬುವ ದಿನ ಹತ್ತಿರ ಬಂದಿತ್ತು. ತಮ್ಮನ ಮನೆ ಇಕ್ಕಟ್ಟು, ಹಾಗಾಗಿ ಎಲ್ಲರೂ ಅಕ್ಕನ ಮನೆಯಲ್ಲೇ ಸೇರುವುದೆಂದಾಗಿತ್ತು. ಆ ದಿನ ತಾನು ಜಾದೂ ಮಾಡುತ್ತೇನೆಂದು ಪಟಾಕಿ ಸಾರಿಯೂ ಬಿಟ್ಟಳು. ಅತ್ತೆ ಕಲಿಸಲು ಕೂತಳು. ಮಗ ಮಾಡುವುದನ್ನು ನೂರು ಸಲ ನೋಡಿದ ಕಣ್ಣು, ಎಲ್ಲವೂ ನೆನಪಿತ್ತು.

ಮೊದಲು ಇಸ್ಪೀಟಿನ ಆಟ. ‘ಕಟ್ಟಿನ ಅಡಿಯಲ್ಲಿರೋ ಎಲೆ ಯಾವುದು ಅಂತ ಕಳ್ಳಗಣ್ಣಲ್ಲಿ ನೋಡ್ಕೋ. ಅವರು ಒಂದೆಲೆ ತೆಗೆದು, ನೋಡಿ, ಕಟ್ಟಿನ ಮೇಲಿಡಲಿ. ಆಮೇಲೆ ಅರ್ಧ ಕಟ್ಟು ಎತ್ತಿ ಪಕ್ಕದಲ್ಲಿಟ್ಟು, ಉಳಿದರ್ಧ ಅದರ ಮೇಲಿಡೋಕೆ ಹೇಳು. ಈಗ ನೀನು ಕದ್ದು ನೋಡಿದ ಎಲೆ ಅವರ ಎಲೆ ಮೇಲೆ ಬಂತಾ? ಮೇಲಿಂದ ಒಂದೊಂದೇ ತಿರುಗಿಸ್ತಾ ಹೋಗು. ನಿನ್ನ ಎಲೆ ಕಂಡ ತಕ್ಷಣ ಮುಂದಿನದು ಅವರದು.’

ಆಮೇಲೆ ನಾಣ್ಯ ಮಾಯವಾಗುವ ಲೋಟ. ಮೇಜಿನ ಮೇಲೆ ಬಿಳಿ ಕಾಗದ. ಗಾಜಿನ ಲೋಟದ ಬಾಯಿಗೂ ಅದೇ ಬಿಳಿ ಕಾಗದವನ್ನು ಗುಂಡಗೆ ಕತ್ತರಿಸಿ ಅಂಟಿಸಿ ಬೋರಲು ಇಟ್ಟಿರಬೇಕು. ಲೋಟಕ್ಕೆ ಬಟ್ಟೆ ಮುಚ್ಚಿ, ಎತ್ತಿ ನಾಣ್ಯದ ಮೇಲಿಟ್ಟು, ಬಟ್ಟೆ ತೆಗೆದರೆ ನಾಣ್ಯ ಕಾಗದದಡಿ ಅಡಗಿರುತ್ತದೆ. ನೋಡುವವರಿಗೆ ಮೇಜಿನ ಕಾಗದವೇ ಕಂಡಂತೆ.

ಕೊನೆಗೆ ಕಡ್ಡಿಯ ಆಟ. ಹೊಸ ಕರವಸ್ತ್ರಕ್ಕೆ ಅಗಲವಾದ ಅಂಚು ಹೊಲಿದು, ಮೂಲೆಯಲ್ಲಿ ಬಾಯಿ ಬಿಟ್ಟಳು. ಬೆಂಕಿಕಡ್ಡಿಯ ಮದ್ದನ್ನು ಮುರಿದುಹಾಕಿ, ಬರೀ ಕಡ್ಡಿಯನ್ನು ಆ ಬಾಯಿಯೊಳಗೆ ನೂಕಿದಳು. ‘ಇದು ಗುಟ್ಟಿನ ಕಡ್ಡಿ. ಅವರ ಕೈಲಿ ಇನ್ನೊಂದಕ್ಕೆ ಪೆನ್ನಲ್ಲಿ ಗುರುತು ಹಾಕಿಸಿ ನಡುವೆ ಇಡು. ಮೂಲೆಗಳನ್ನ ಅದರ ಮೇಲೆ ಮಡಚು. ಮುರಿಯೋಕೆ ಕೊಡೋವಾಗ ಅಂಚಿನದನ್ನ ಹಿಡಿಸು. ಬಟ್ಟೆ ಮೇಲಿಂದ್ಲೇ ಮುರೀತಾರೆ. ಬಿಚ್ಚಿದ್ರೆ ಗುರುತಿನ ಕಡ್ಡಿ ಹಾಗೇ ಇರುತ್ತೆ. ಕರ್ಚೀಫನ್ನ ತಕ್ಷಣ ಜೇಬಿಗೆ ಹಾಕ್ಕೋ. ಮತ್ತೊಂದ್ಸಲ ಮಾಡು ಅಂದ್ರೆ ಮಾಡ್ಬೇಡ.’

‘ಯಾಕೆ?’

‘ಎರಡನೇ ಸಲ ಜನ ನಿನ್ನ ಮುಖ ನೋಡಲ್ಲ, ಕೈ ನೋಡ್ತಾರೆ.’ ಅದು ದೊರೆಯ ಮಾತು. ಹೇಳಿದ ಮೇಲೆ ಆಕೆ ದಾರ ಹುಡುಕುವ ನೆಪದಲ್ಲಿ ತಲೆ ತಗ್ಗಿಸಿದಳು.

ಆ ದಿನ ಮನೆ ತುಂಬಿತು. ಅಜ್ಜ ಅಜ್ಜಿ ಸೋಫಾದ ಮೇಲೆ, ತಮ್ಮ ತಮ್ಮನ ಹೆಂಡತಿ ಕುರ್ಚಿಗಳಲ್ಲಿ, ನೆರೆಮನೆಯ ಮಕ್ಕಳು ನೆಲದ ಮೇಲೆ. ಬಸ್ಸಿನ ಮಾವ ಎಂದಿನಂತೆ ಬಾಗಿಲ ಬಳಿ ನಿಂತ, ಯಾರಾದರೂ ಕರೆದರೆ ಹೊರಗೆ ಹೋಗುವುದಕ್ಕೆ ತಯಾರಾದವನ ಹಾಗೆ.

ಪಟಾಕಿ ಅಪ್ಪನ ಕೋಟು ಹಾಕಿಕೊಂಡು ಬಂದಳು. ತೋಳು ಮೊಣಕಾಲಿನ ತನಕ ಇಳಿದಿತ್ತು. ಅಜ್ಜನ ಎಲೆ ಹುಡುಕಿಕೊಟ್ಟಳು. ಅಜ್ಜ ಕನ್ನಡಕ ತೆಗೆದು ಒರೆಸಿ, ‘ಇವಳ ಜೊತೆ ಇನ್ಮೇಲೆ ಇಸ್ಪೀಟು ಆಡಬಾರದಪ್ಪ’ ಅಂದ. ನಾಣ್ಯ ಮಾಯವಾಯಿತು. ಅಜ್ಜಿ ಮೇಜಿನ ಕೆಳಗೆಲ್ಲ ಬಗ್ಗಿ ನೋಡಿದಳು. ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದ ಹೊಲಿಗೆಯಕ್ಕ ಎಷ್ಟೋ ವರ್ಷದ ಮೇಲೆ ಹಲ್ಲು ಕಾಣುವ ಹಾಗೆ ನಕ್ಕಳು.

‘ಈಗ ಕೊನೇ ಆಟ’ ಅಂದಳು ಪಟಾಕಿ. ಕೋಟಿನ ಜೇಬಿನಿಂದ ಕರವಸ್ತ್ರ ತೆಗೆದು ಮೇಜಿನ ಮೇಲೆ ಹರಡಿದಳು.

ಅಂಚು ಹಸಿರಾಗಿತ್ತು.

ಬೆಳಿಗ್ಗೆ ಕನ್ನಡಿಯ ಮುಂದೆ ಅಭ್ಯಾಸ ಮಾಡುವಾಗ ಹುಡುಗಿ ತನ್ನ ಗುಟ್ಟಿನ ಕಡ್ಡಿ ಮುರಿದಿದ್ದಳು. ಹೊಸದು ತುಂಬಿಸುವುದು ಮರೆತಿತ್ತು. ನೆನಪಾಗುವಷ್ಟರಲ್ಲಿ ಜನ ಕೂತಾಗಿತ್ತು, ಅಡುಗೆಮನೆಯಲ್ಲಿ ಕಡ್ಡಿಪೆಟ್ಟಿಗೆ ಕೇಳಿದರೆ ಗುಟ್ಟು ಬಯಲು. ಡ್ರಾಯರಿನಲ್ಲಿ ಕಡ್ಡಿ ಸೇರಿಸಿಟ್ಟ ಇನ್ನೊಂದು ಇತ್ತಲ್ಲ. ಅಷ್ಟೇ ಅವಳ ಲೆಕ್ಕ.

ಬೇಡ ಅನ್ನಬೇಕೆಂದು ಹೊಲಿಗೆಯಕ್ಕ ಬಾಯಿ ತೆರೆದಳು. ಮೇಜಿನ ಸುತ್ತ ಮಕ್ಕಳ ಮುಖ, ನಡುವೆ ಆ ಕೋಟಿನೊಳಗಿನ ಪುಟ್ಟ ಮುಖ. ಆಟದ ನಡುವೆ ತಡೆದರೆ ಆ ಮುಖ ಏನಾಗುತ್ತದೆಂದು ಆಕೆಗೆ ಗೊತ್ತಿತ್ತು.

ಹುಡುಗಿಯ ಜೇಬಿನಲ್ಲಿದ್ದ ಒಂದೇ ಒಂದು ಕಡ್ಡಿಗೆ ತಮ್ಮ ಪೆನ್ನಿನಿಂದ ಗೀಟು ಎಳೆದುಕೊಟ್ಟ. ಪಟಾಕಿ ಅದನ್ನು ನಡುವೆ ಇಟ್ಟು ಮೂಲೆಗಳನ್ನು ಮಡಚಿದಳು. ಮುರಿಯುವುದಕ್ಕೆ ಯಾರನ್ನು ಕರೆಯಲಿ ಎಂದು ಸುತ್ತ ನೋಡಿ, ಸೀದಾ ಬಾಗಿಲ ಬಳಿ ಹೋದಳು.

‘ಮಾವ, ನೀವೇ ಮುರೀಬೇಕು. ಬಟ್ಟೆ ಮೇಲಿಂದ್ಲೇ.’

ಮಾವ ಕೈ ಚಾಚಿದ. ಹಸಿರು ಅಂಚನ್ನು ನೋಡಿದ. ಹೆಬ್ಬೆಟ್ಟು ಕಡ್ಡಿಯ ಮೇಲೆ ಮೆಲ್ಲಗೆ ಸರಿಯಿತು, ಈ ತುದಿಯಿಂದ ಆ ತುದಿಗೆ. ಆತ ತಲೆಯೆತ್ತಿ ಹೆಂಡತಿಯ ಕಡೆ ನೋಡಿದ. ಆ ನೋಟದಲ್ಲಿ ಆಕೆಗೆ ತಿಳಿಯಿತು: ಮಗ ಈ ಆಟವನ್ನು ಆತನಿಗೂ ತೋರಿಸಿದ್ದ. ಗುಟ್ಟು ಆತನಿಗೂ ಗೊತ್ತು. ಕಡ್ಡಿ ಯಾರು ಇಟ್ಟದ್ದೆಂದೂ ಗೊತ್ತು.

‘ಏನ್ ಭಾವ, ದಿನಾ ಬಸ್ಸಿನ ಸ್ಟೀರಿಂಗ್ ತಿರುಗಿಸೋ ಕೈಗೆ ಒಂದು ಕಡ್ಡಿ ಮುರಿಯೋಕೆ ಆಗಲ್ವಾ?’ ಎಂದು ತಮ್ಮ ನಗಾಡಿದ. ಎಲ್ಲರೂ ನಕ್ಕರು.

‘ಮುರೀರಿ ಮಾವ’ ಅಂದಳು ಪಟಾಕಿ. ಅವಳ ದನಿ ಸಣ್ಣಗಾಗಿತ್ತು. ಆಟ ಕೆಡುತ್ತಿದೆಯೆಂದು ಹೆದರಿದ್ದಳು.

ಆತ ಆ ಹುಡುಗಿಯ ಮುಖ ನೋಡಿದ. ಆಮೇಲೆ ಮುರಿದ.

ವರ್ಷಗಟ್ಟಲೆ ಒಣಗಿದ ಕಡ್ಡಿ. ಚಟಕ್ ಎಂದ ಸದ್ದು ಅಡುಗೆಮನೆಯ ಬಾಗಿಲ ತನಕ ಕೇಳಿಸಿತು. ಪಟಾಕಿ ಕರವಸ್ತ್ರ ಕೊಡವಿದಳು. ಗೀಟಿನ ಕಡ್ಡಿ ಇಡಿಯಾಗಿ ಮೇಜಿನ ಮೇಲೆ ಬಿತ್ತು. ಮಕ್ಕಳು ಕೂಗಿದರು, ಅಜ್ಜ ಚಪ್ಪಾಳೆ ತಟ್ಟಿದ. ಮತ್ತೊಂದ್ಸಲ ಎಂದು ಎಲ್ಲರೂ ಪೀಡಿಸಿದರು. ಹುಡುಗಿ ಕಲಿಸಿದ ಹಾಗೆಯೇ ಕರವಸ್ತ್ರವನ್ನು ಜೇಬಿಗೆ ತುರುಕಿ, ಬಗ್ಗಿ ನಮಸ್ಕಾರ ಮಾಡಿದಳು. ತಲೆಯೆತ್ತಿದಾಗ ಮಾವ ಬಾಗಿಲ ಬಳಿ ಇರಲಿಲ್ಲ. ಅತ್ತೆಯೂ ಇರಲಿಲ್ಲ.

ಅತ್ತೆ ಅಡುಗೆಮನೆಯಲ್ಲಿ ಸಿಂಕಿನ ಅಂಚು ಹಿಡಿದು ನಿಂತಿದ್ದಳು.

‘ನಾನೇನಾದ್ರೂ ತಪ್ಪು ಮಾಡಿದ್ನಾ ಅತ್ತೆ?’

‘ಇಲ್ಲ ಪುಟ್ಟ. ಎಲ್ಲಾ ಸರಿಯಾಗೇ ಮಾಡ್ದೆ.’ ಕೋಟಿನ ತೋಳನ್ನು ಮಡಚಿ ಅವಳ ಕೈ ಹೊರಗೆ ತೆಗೆದಳು. ‘ಕರ್ಚೀಫು ಕೊಡು, ನಾನಿಟ್ಕೋತೀನಿ. ಹೋಗು, ಅಜ್ಜಿ ಕರೀತಿದ್ದಾರೆ.’

ನೆಂಟರು ಹೊರಟು ಮನೆ ಖಾಲಿಯಾಗುವಾಗ ಇನ್ನೂ ಬೆಳಕಿತ್ತು. ಗಂಡ ಹಿತ್ತಿಲ ಮೆಟ್ಟಿಲ ಮೇಲೆ ಕೂತಿದ್ದ. ಆಕೆ ಹೋಗಿ ಪಕ್ಕದಲ್ಲಿ ಕೂತಳು. ಕರವಸ್ತ್ರ ಮಡಿಲಲ್ಲಿತ್ತು.

‘ನಾನು ಮುರೀಬಾರದಿತ್ತು’ ಅಂದ ಆತ.

‘ಆ ಮಗು ಕಾಯ್ತಾ ಇತ್ತಲ್ಲ.’

‘ಅವನೂ ಹಾಗೇ ಕಾಯ್ತಿದ್ದ. ಅಜ್ಜ ಯಾವತ್ತು ಬರ್ತಾರೆ, ಯಾವತ್ತು ಬರ್ತಾರೆ ಅಂತ.’

ಅಷ್ಟು ವರ್ಷದಲ್ಲಿ ಮಗನ ಬಗ್ಗೆ ಆತ ಆಡಿದ ಮೊದಲ ಮಾತು ಅದು. ಆಕೆ ಅಲುಗಾಡದೆ ಕೂತಳು. ಅಲುಗಾಡಿದರೆ ಮುಂದಿನ ಮಾತು ನಿಂತೀತೆಂದು ಭಯ.

‘ಬಟ್ಟೆ ಬಿಚ್ಚೋ ಮೊದಲು ಅವನು ಏನೋ ಮಂತ್ರ ಹೇಳ್ತಿದ್ನಲ್ಲ’ ಅಂದ ಗಂಡ. ‘ಓಂ, ಹ್ರೀಂ, ಬಟಾಣಿ, ಅಂತ ಏನೋ.’

‘ಬಟಾಣಿ ಅಲ್ಲ. ಕಡಲೆ. ಓಂ ಹ್ರೀಂ ಕಡಲೆ.’

‘ಬಟಾಣೀನೇ. ನನ್ನ ಮುಂದೆ ಎಷ್ಟು ಸಲ ಹೇಳಿದ್ದಾನೆ.’

‘ನನ್ನ ಮುಂದೆ ಕಡಲೆ ಅಂದಿದ್ದು. ಆಮೇಲೆ ಇನ್ನೂ ಏನೋ ಇತ್ತು.’

ಇಬ್ಬರೂ ಯೋಚಿಸಿದರು. ಆತ ತುಟಿ ಅಲ್ಲಾಡಿಸಿ ನೋಡಿದ. ಆಕೆ ಕಣ್ಣು ಮುಚ್ಚಿ, ಚಾದರದ ಗಂಟಿನ ಮೇಲೆ ಕೂತ ಹುಡುಗನನ್ನು ನೆನೆದಳು. ಅವನ ಕೈ ಕಂಡಿತು, ಶಾಯಿ ಹತ್ತಿದ ಬೆರಳು ಕಂಡಿತು, ಬಾಯಿ ಅಲ್ಲಾಡುವುದೂ ಕಂಡಿತು. ದನಿ ಮಾತ್ರ ಬರಲಿಲ್ಲ.

‘ನಂಗೆ ನೆನಪಾಗ್ತಿಲ್ಲ’ ಅಂದಳು.

‘ನಂಗೂ’ ಅಂದ ಆತ. ಆಗ ಅಳತೊಡಗಿದ, ದೊಡ್ಡ ಗಂಡಸು, ಮೊಣಕಾಲಿಗೆ ಮುಖ ಕೊಟ್ಟು. ಆಕೆ ಆತನ ಬೆನ್ನ ಮೇಲೆ ಕೈಯಿಟ್ಟಳು. ಪಕ್ಕದ ಮನೆಯಲ್ಲಿ ಯಾರೋ ಒಣಗಿದ ಬಟ್ಟೆ ಎತ್ತಿಕೊಂಡು ಒಳಗೆ ಹೋದರು. ‘ಮೊದಲೇ ಮಾತಾಡ್ಕೊಂಡಿದ್ದಿದ್ರೆ ಇಬ್ಬರಲ್ಲಿ ಒಬ್ಬರಿಗಾದ್ರೂ ನೆನಪಿರ್ತಿತ್ತು’ ಅಂದಳು ಆಕೆ. ಆತ ತಲೆಯಾಡಿಸಿದ.